ಜೀರಿಗೆ ಮಿಡಿಯ ಬಾಟಲಿ ಮತ್ತು ಗೆಳತಿಯ ಕೋಡ್

ಶಿರಸಿ ಹತ್ತಿರದ ಹಳ್ಳಿಯೊಂದರಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಜೋನಿಬೆಲ್ಲ ಮಾರುವ ಪುಟ್ಟ ಆನ್‌ಲೈನ್ ಅಂಗಡಿಯೊಂದಿದೆ. ನಡೆಸುವವರು ಅತ್ತೆ ಮತ್ತು ಸೊಸೆ. ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಪುಣೆ, ಮುಂಬಯಿ ಸೇರಿದ ಊರ ಕಡೆಯವರು. ಒಮ್ಮೆ ತರಿಸಿದವರು ಬಾಟಲಿ ತಳ ಕಾಣುವಷ್ಟರಲ್ಲಿ ಮತ್ತೆ ಬರುತ್ತಾರೆ. ಹೋದ ವರ್ಷ ಸೊಸೆ ಕೇಳಿದರು: "ಅಣ್ಣ, ಇನ್‌ಸ್ಟಾಗ್ರಾಂ ಜಾಹೀರಾತಿಗೆ ದುಡ್ಡು ಸುರಿಯೋ ಬದಲು, ನಮ್ಮ ಗಿರಾಕಿಗಳೇ ನಾಲ್ಕು ಜನಕ್ಕೆ ಹೇಳಿದ್ರೆ ಅವರಿಗೇ ಏನಾದ್ರೂ ಕೊಡಬಾರದಾ?"

ಕೊಡಬಹುದು. ಆದರೆ ಏನನ್ನು, ಎಷ್ಟು, ಯಾವಾಗ ಎನ್ನುವುದನ್ನು ಕೂತು ಲೆಕ್ಕ ಹಾಕಬೇಕು. ಅಂಕಿಗಳನ್ನು ಸ್ವಲ್ಪ ಸುತ್ತು ಮಾಡಿ ಹೇಳುತ್ತೇನೆ. ಸರಾಸರಿ ಒಂದು ಆರ್ಡರ್ 900 ರೂಪಾಯಿ. ಮಾಲು, ಬಾಟಲಿ, ಕೂಲಿ ಸೇರಿ 430, ಪ್ಯಾಕಿಂಗ್ ಮತ್ತು ಕೊರಿಯರ್ 110, ಹಣ ಪಾವತಿಯ ಶುಲ್ಕ 20. ಕೈಯಲ್ಲಿ ಉಳಿಯುವುದು 340. ಜಾಹೀರಾತಿನ ಮೂಲಕ ಒಬ್ಬ ಹೊಸ ಗಿರಾಕಿ ಸಿಗಲು ಅವರಿಗೆ 220 ರೂಪಾಯಿ ಬೀಳುತ್ತಿತ್ತು. ಹಾಗಾದರೆ ಹಳಬರ ಮೂಲಕ ಒಬ್ಬರನ್ನು ಕರೆತರುವ ಖರ್ಚು ಅದಕ್ಕಿಂತ ಕಡಿಮೆ ಇರಬೇಕು. ನಾವು 160 ರೂಪಾಯಿಯ ಮೇಲೆ ಗೆರೆ ಎಳೆದೆವು.

ಈ 160 ಅನ್ನು ನಗದಾಗಿ ಗಿರಾಕಿಗೆ ಕೊಟ್ಟರೆ ಏನಾಗುತ್ತದೆ? ತನ್ನ ಅಕ್ಕನಿಗೋ ಕಚೇರಿಯ ಗೆಳತಿಗೋ ಪ್ರೀತಿಯಿಂದ ಹೇಳುತ್ತಿದ್ದ ಹೆಂಗಸು, ದುಡ್ಡಿಗಾಗಿ ಹೇಳುತ್ತಿದ್ದಾಳೆ ಎನ್ನಿಸಿಕೊಳ್ಳಲು ಹಿಂಜರಿಯುತ್ತಾಳೆ. ಅದಕ್ಕೇ ಮೊದಲ ಲಾಭ ಗೆಳತಿಗೆ ಸಿಗಬೇಕು. ಹೊಸಬರಿಗೆ 600ಕ್ಕೆ ಮೇಲ್ಪಟ್ಟ ಮೊದಲ ಆರ್ಡರ್‌ನಲ್ಲಿ 100 ರೂಪಾಯಿ ಕಡಿತ. ಹೇಳಿದವರಿಗೆ ಅಂಗಡಿಯಲ್ಲಿ ಮಾರಾಟಕ್ಕೇ ಇಲ್ಲದ 100 ಗ್ರಾಂ ಜೀರಿಗೆ ಮಿಡಿಯ ಬಾಟಲಿ, ಅವರ ಮುಂದಿನ ಪಾರ್ಸೆಲ್‌ನ ಜೊತೆಗೆ. ಅಂಗಡಿಗೆ ಅದರ ಅಸಲು 55 ರೂಪಾಯಿ. ಪಾರ್ಸೆಲ್ ಹೇಗೂ ಹೋಗುತ್ತಿರುವುದರಿಂದ ಬೇರೆ ಕೊರಿಯರ್ ಖರ್ಚಿಲ್ಲ. ಒಟ್ಟು 155. ಮೊದಲ ಆರ್ಡರ್‌ನಲ್ಲೇ 185 ಉಳಿಯುತ್ತದೆ. ಆ ಬಾಟಲಿಗಾಗಿ ಗಿರಾಕಿ ಮತ್ತೊಮ್ಮೆ ಆರ್ಡರ್ ಹಾಕುತ್ತಾಳೆ ಎಂಬುದೂ ಸೇರಿತು.

ತಾನು ಮಾರುವ ವಸ್ತುವನ್ನೇ ಉಡುಗೊರೆ ಮಾಡುವ ಈ ದಾರಿ ಹೊಸದಲ್ಲ. ಕಡತಗಳನ್ನು ಇಂಟರ್‌ನೆಟ್‌ನಲ್ಲಿ ಇಡಲು ಜಾಗ ಕೊಡುವ ಡ್ರಾಪ್‌ಬಾಕ್ಸ್ ಶುರುವಿನ ದಿನಗಳಲ್ಲಿ ಕರೆದವರಿಗೂ ಬಂದವರಿಗೂ ಹಣ ಕೊಡಲಿಲ್ಲ, ಹೆಚ್ಚುವರಿ ಜಾಗ ಕೊಟ್ಟಿತು. 2008ರ ಸೆಪ್ಟೆಂಬರ್‌ನಿಂದ 15 ತಿಂಗಳಲ್ಲಿ ಅದರ ಬಳಕೆದಾರರು 1 ಲಕ್ಷದಿಂದ 40 ಲಕ್ಷಕ್ಕೆ ಏರಿದರು.

ಯಾರು ಯಾರನ್ನು ಕರೆತಂದರು ಎಂದು ತಿಳಿಯುವುದು ಹೇಗೆ? ಲಿಂಕ್ ಕೊಟ್ಟರೆ ಸಾಕು ಎಂದು ಮೊದಲು ಅನ್ನಿಸಿತ್ತು. ಆದರೆ ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಸ್ಟೋರಿಯಲ್ಲಿ ಅಂಟಿಸಿದರೆ ತೆರೆಯುತ್ತದೆ, ಆದರೆ ಅದರ ಆಯುಷ್ಯ 24 ಗಂಟೆ. ಬೆಳಿಗ್ಗೆ ಬಸ್ಸಿನಲ್ಲಿ ಫೋನ್‌ನಲ್ಲಿ ನೋಡಿದವರು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಕೊಂಡರೆ ಲಿಂಕಿನ ಜಾಡು ತಪ್ಪುತ್ತದೆ. ಬಾಯಲ್ಲಿ ಹೇಳಬಹುದಾದ ಕೋಡ್ ಮಾತ್ರ ಕೊನೆಯವರೆಗೆ ಉಳಿಯುತ್ತದೆ. ಪ್ರತಿ ಗಿರಾಕಿಗೂ ಅವರದೇ ಒಂದು ಕೋಡ್ ಮಾಡಿದೆವು, `MIDI27` ಎಂಬಂತೆ. ಅದನ್ನು ಪಾರ್ಸೆಲ್‌ನ ಚೀಟಿಯಲ್ಲಿ ಸೊಸೆ ಕೈಯಲ್ಲೇ ಬರೆಯುತ್ತಾರೆ. ಜೊತೆಗೆ ವಾಟ್ಸಾಪ್‌ಗೆ ಒಂದು ಸಂದೇಶ ಹೋಗುತ್ತದೆ: "`MIDI27` ಅಂತ ಹಾಕಿದ್ರೆ ನಿಮಗೆ 100 ರೂಪಾಯಿ ಕಡಿಮೆ ಆಗುತ್ತೆ." ಅದರ ಮೇಲಿನ ಸಾಲನ್ನು ನಾವು ಬರೆದು ಕೊಡುವುದಿಲ್ಲ. "ನಮ್ಮನೇಲಿ ಮೊಸರನ್ನಕ್ಕೆ ಇದೇ" ಎಂದು ಅವರೇ ಬರೆದಾಗ ಬರುವ ಆರ್ಡರ್‌ಗಳು, ನಾವು ಬರೆದುಕೊಟ್ಟ ಹೊಗಳಿಕೆಯಿಂದ ಬರಲಿಲ್ಲ.

ಕೋಡ್ ಎಲ್ಲರಿಗೂ ಕೊಡುವುದಿಲ್ಲ. ಕಡಿತವಿಲ್ಲದೆ, ಪೂರ್ತಿ ಬೆಲೆಗೆ ಇನ್ನೊಮ್ಮೆ ಕೊಂಡವರಿಗೆ ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ಒಮ್ಮೆ ಬಂದವರು ಅಗ್ಗಕ್ಕೆ ಕಾಯುವವರನ್ನೇ ಕರೆತರುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಎಡವಿದ್ದೂ ಉಂಟು. ಒಂದು ಮಧ್ಯಾಹ್ನ ಒಂದೇ ಕೋಡ್‌ನಿಂದ 23 ಆರ್ಡರ್ ಬಂದವು. ಸೊಸೆಗೆ ಸಂಭ್ರಮವೋ ಸಂಭ್ರಮ. ವಿಳಾಸಗಳನ್ನು ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಊರುಗಳು. ಆ ಕೋಡ್ ಕೂಪನ್‌ಗಳನ್ನು ಒಟ್ಟು ಹಾಕುವ ಜಾಲತಾಣವೊಂದರಲ್ಲಿ ಸೇರಿಕೊಂಡಿತ್ತು. ಅಷ್ಟೂ ಜನಕ್ಕೆ ಮಾತಿನಂತೆ ಮಾಲು ಕಳಿಸಿ, ಕೋಡ್ ಬದಲಿಸಿದೆವು. ಈಗ ಒಂದು ಕೋಡ್ ವರ್ಷಕ್ಕೆ ಹತ್ತು ಸಲ ಮಾತ್ರ ನಡೆಯುತ್ತದೆ. ಇನ್ನೊಂದು ತೊಡಕು, ಗಂಡನ ಫೋನ್ ನಂಬರ್ ಕೊಟ್ಟು ತಾವೇ ಹೊಸಬರಾಗುವವರದು. ಮನೆ ನಂಬರ್ ಹೋಲಿಸಿದರೆ ಗೊತ್ತಾಗುತ್ತದೆ. ಆದರೆ ಅದೇ ಅಪಾರ್ಟ್‌ಮೆಂಟಿನ ಬೇರೆ ಬಾಗಿಲಾದರೆ ತಡೆಯಬಾರದು. ಪಕ್ಕದ ಮನೆಯವರೇ ಎಲ್ಲರಿಗಿಂತ ಒಳ್ಳೆಯ ಹೊಸ ಗಿರಾಕಿಗಳು. ಬಾಟಲಿಯ ಉಡುಗೊರೆ ಲೆಕ್ಕಕ್ಕೆ ಸೇರುವುದು ಗೆಳತಿಯ ಪಾರ್ಸೆಲ್ ತಲುಪಿ 15 ದಿನ ಕಳೆದ ಮೇಲೆ. ತಲುಪಿದಾಗ ಹಣ ಕೊಡುವ ಆರ್ಡರ್‌ಗಳಲ್ಲಿ ಕೆಲವು ಬಾಗಿಲಿನಿಂದಲೇ ವಾಪಸ್ ಬರುತ್ತವೆ.

ಅಫಿಲಿಯೇಟ್ ಎಂಬುದು ಬೇರೆಯೇ ವ್ಯವಹಾರ. ಅಡುಗೆ ವಿಡಿಯೋ ಮಾಡುವ ಒಬ್ಬರು ಅಂಗಡಿಯ ಮಾಲನ್ನು ತೋರಿಸಲು ಒಪ್ಪಿದರು. ಅವರಿಗೆ ಅದು ಕಸುಬು, ಅಲ್ಲಿ ನಗದೇ ಸರಿ. ಅವರ ಕೋಡ್‌ನಲ್ಲಿ ನೋಡುಗರಿಗೆ 50 ರೂಪಾಯಿ ಕಡಿತ, ಪಾವತಿಯಾದ 850ರ ಮೇಲೆ ಅವರಿಗೆ ಶೇ. 10, ಅಂದರೆ 85. ಒಟ್ಟು 135. ಇಲ್ಲಿ ಒಂದು ಸೂಕ್ಷ್ಮವಿದೆ. ಅವರ ನೋಡುಗರಲ್ಲಿ ಅಂಗಡಿಯ ಹಳೆಯ ಗಿರಾಕಿಗಳೂ ಇರುತ್ತಾರೆ. ಹೇಗೂ ಕೊಳ್ಳುತ್ತಿದ್ದವರ ಆರ್ಡರ್‌ಗೂ ಕಮಿಷನ್ ಕೊಟ್ಟರೆ ಅದು ಶುದ್ಧ ನಷ್ಟ. ಆದ್ದರಿಂದ ಕಡಿತವೂ ಕಮಿಷನ್ನೂ ಹೊಸ ಗಿರಾಕಿಯ ಮೊದಲ ಆರ್ಡರ್‌ಗೆ ಮಾತ್ರ ಎಂದು ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡೆವು.

ವಿಡಿಯೋದಲ್ಲಿ ಇದು ಜಾಹೀರಾತು ಎಂದು ಕಾಣುವಂತೆ ಹೇಳಲೇಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹಣವಷ್ಟೇ ಅಲ್ಲ, ಪುಕ್ಕಟೆ ಸಿಕ್ಕ ವಸ್ತುವೂ ಲಾಭದ ಸಂಬಂಧವೇ. ಅದನ್ನು ವಿಡಿಯೋದ ಭಾಷೆಯಲ್ಲೇ ತಿಳಿಸಬೇಕು, ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸಬಾರದು. ಕನ್ನಡ ವಿಡಿಯೋಗೆ "ಜಾಹೀರಾತು" ಎಂಬ ಪದವೇ ಬಂತು. "ನಾನು ಕರೆತಂದವರು ಇನ್ನೊಬ್ಬರನ್ನು ಕರೆತಂದರೆ ಅದರಲ್ಲೂ ನನಗೆ ಪಾಲು ಕೊಡಿ" ಎಂದು ಒಬ್ಬರು ಕೇಳಿದ್ದರು. ಬೇಡವೆಂದೆ. ಜನರ ಮೇಲೆ ಜನರನ್ನು ಸೇರಿಸಿ ಹಣ ಹಂಚುವ ಯೋಜನೆಗಳನ್ನು ತಡೆಯಲು 1978ರಿಂದಲೇ ಕಾನೂನಿದೆ. ಉಪ್ಪಿನಕಾಯಿ ಅಂಗಡಿ ಅದರ ಹತ್ತಿರ ಸುಳಿಯಬಾರದು.

ಮೂರು ತಿಂಗಳಾದ ಮೇಲೆ ಲೆಕ್ಕ ತೆಗೆದೆವು. ವಿಡಿಯೋದಿಂದ ಬಂದವರು 70, ಗಿರಾಕಿಗಳ ಕೋಡ್‌ನಿಂದ 46. ಇಷ್ಟನ್ನೇ ನೋಡಿದರೆ ವಿಡಿಯೋ ಗೆದ್ದಂತೆ ಕಾಣುತ್ತದೆ. ಎರಡನೆಯ ಸಲ ಕೊಂಡವರನ್ನು ಎಣಿಸಿದಾಗ ಚಿತ್ರ ಬದಲಾಯಿತು: ವಿಡಿಯೋದ 70ರಲ್ಲಿ 9 ಮಂದಿ, ಗಿರಾಕಿಗಳು ಕರೆತಂದ 46ರಲ್ಲಿ 17 ಮಂದಿ. ವಿಡಿಯೋವನ್ನು ಬಿಡಲಿಲ್ಲ, ಹೊಸ ಮಿಡಿ ಬರುವ ಬೇಸಿಗೆಗೆ ಮಾತ್ರ ಇಟ್ಟುಕೊಂಡೆವು. ಆ 17 ಮಂದಿಯ ಎರಡನೆಯ ಪಾರ್ಸೆಲ್‌ನಲ್ಲಿ ಅವರವರ ಕೋಡ್ ಬರೆದ ಚೀಟಿ ಹೋಗಿದೆ.