ಬಾಗಿಲಲ್ಲಿದ್ದ ಅಣ್ಣ

ಅಕ್ಕಂದಿರೇ, ಹಸುವಿನ ವಿಮೆ ಹಣಕ್ಕೆಂದು ಯಾದವಗಿರಿಯ ಕಚೇರಿಗೆ ಹೋದವರಿಗೆ ಬಾಗಿಲಲ್ಲಿ ಕೂರುತ್ತಿದ್ದ ಅಟೆಂಡರ್ ಅಣ್ಣ ನೆನಪಿರಬೇಕು. ಈ ತಿಂಗಳು ಅವರು ನಿವೃತ್ತರಾದರು. "ಕಿವಿ ಓಲೆ ತಂದಿದ್ದೀರಾ ಅಮ್ಮ?" ಎಂದೇ ಮೊದಲು ಕೇಳುತ್ತಿದ್ದರು. ಓಲೆ ಇಲ್ಲದಿದ್ದರೆ, ಸತ್ತದ್ದು ವಿಮೆ ಮಾಡಿಸಿದ ಹಸುವೇ ಎಂದು ತೋರಿಸುವುದು ಹೇಗೆ?

ನಮ್ಮೂರಿನ ಒಬ್ಬಾಕೆ ಹಸು ಸತ್ತ ಬೆಳಿಗ್ಗೆ ಅವರಿಗೆ ಫೋನ್ ಮಾಡಿದಾಗ ಗುಂಡಿ ಆಗಲೇ ತೋಡಿ ಆಗಿತ್ತು. "ಈಗಲೇ ಹೂಳಬೇಡಿ. ವಿಮೆಯವರಿಗೆ ತಿಳಿಸಿ, ಡಾಕ್ಟರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ಓಲೆ ಕಾಣುವಂತೆ ಫೋಟೋ ತೆಗೆಸಿ, ಆಮೇಲೆ ಓಲೆ ಬಿಚ್ಚಿಸಿಟ್ಟುಕೊಳ್ಳಿ" ಎಂದರು. ಹಣ ಬಂತು. ಹೀಗೆ ಹೇಳುವುದು ಅವರ ಕೆಲಸವೇ ಆಗಿರಲಿಲ್ಲ.

ಬೀಳ್ಕೊಡುವ ದಿನ ಆಕೆ ಹೊಸ ಹಸುವಿನ ಗಿಣ್ಣು ಒಯ್ದಿದ್ದಳು. ಅಣ್ಣ ಡಬ್ಬಿ ತೆಗೆದುಕೊಂಡು ಕೇಳಿದರು: "ಇದಕ್ಕೆ ಓಲೆ ಹಾಕಿಸಿದ್ರಾ?"