ಹೊಲಿಗೆ ನಿಲ್ಲಿಸದ ನಮಸ್ಕಾರ

ಟೈಲರ್ ಕಾಲರ್ ಹೊಲಿಯುವಾಗ ಎರಡೂ ಕೈ ಬಟ್ಟೆಯ ಮೇಲೆ, ಕಣ್ಣು ಸೂಜಿಯ ಮೇಲೆ ಇರುತ್ತವೆ. ಹಿಂದಿನಿಂದ ಜೋರಾಗಿ ಕೂಗಿದರೆ ತಲೆ ತಿರುಗುತ್ತದೆ, ಬಟ್ಟೆ ಎಳೆದಂತಾಗಿ ಹೊಲಿಗೆ ಸೊಟ್ಟಗಾಗುತ್ತದೆ. ಆ ಗೆರೆ ಬಿಚ್ಚಿ ಮತ್ತೆ ಹೊಲಿಯಬೇಕು; ತೆಳು ಬಟ್ಟೆಯಾದರೆ ಹಳೆಯ ಸೂಜಿತೂತುಗಳು ಉಳಿದೇಬಿಡುತ್ತವೆ.

ಆದ್ದರಿಂದ ಬೆಳಕಿಗೆ ಅಡ್ಡವಾಗದೆ, ಅವರ ಕಣ್ಣಿಗೆ ಬೀಳುವಂತೆ ಪಕ್ಕದಲ್ಲಿ ನಿಲ್ಲಬೇಕು. ಕಾಲರಿನ ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿ, ಒತ್ತುಪಾದ ಎತ್ತಿ, ಬಟ್ಟೆ ತಿರುಗಿಸುತ್ತಾರೆ. ಮಷಿನ್ ಸದ್ದು ನಿಲ್ಲುವ ಆ ಕ್ಷಣದಲ್ಲಿ “ಏನಣ್ಣ, ಕೆಲಸ ಜೋರಾ?” ಎಂದರೆ ಸಾಕು. ಅದಕ್ಕೆ ತಲೆಯಾಡಿಸಿದರೂ ಉತ್ತರವೇ. “ನನ್ನ ಬಟ್ಟೆ ಯಾವಾಗ?” ಎಂಬುದಕ್ಕೆ ಮಾತ್ರ ಲೆಕ್ಕ ಹಾಕಬೇಕಾಗುತ್ತದೆ, ಅದನ್ನು ದಾರ ಕತ್ತರಿಸಿದ ಮೇಲೆ ಕೇಳುವುದೇ ಸರಿ. ಅಳತೆ ಬಾಯಲ್ಲಿ ಎಣಿಸುತ್ತಾ ಚಾಕ್‌ನಿಂದ ಗೆರೆ ಎಳೆಯುವಾಗಲಂತೂ ಕೈಯೆತ್ತಿ ಸುಮ್ಮನಿರಬೇಕು.