ಲಾಭ ಇಳಿದ ವರ್ಷದ ಕನ್ನಡ

ಎಲ್ಲ ಅಂಕಿಗಳೂ ಏರಿದ ವರ್ಷ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುವುದು ಅಷ್ಟು ಕಷ್ಟವಲ್ಲ. ಯಾರು ಬರೆದರೂ ವಾಕ್ಯಕ್ಕೆ ಬಲ ತಾನಾಗಿ ಬರುತ್ತದೆ. ವಹಿವಾಟು ಏರಿ ಲಾಭ ಇಳಿದ ವರ್ಷವೇ ಅನುವಾದಕರಿಗೆ ನಿಜವಾದ ಪರೀಕ್ಷೆ. ಇಂಗ್ಲಿಷಿನಲ್ಲಿ ಆಡಳಿತ ನೆಟ್ಟಗೆ ನಿಂತು ಮಾತಾಡಿರುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ಮಾತು ಒಂದೋ ಕ್ಷಮೆ ಕೇಳುವಂತಿರುತ್ತದೆ, ಇಲ್ಲವೇ ಚುನಾವಣಾ ಭಾಷಣದಂತಿರುತ್ತದೆ.

ವರದಿಯ ಈ ಭಾಗಕ್ಕೆ ಸಾಮಾನ್ಯವಾಗಿ 'ಆಡಳಿತದ ಚರ್ಚೆ ಮತ್ತು ವಿಶ್ಲೇಷಣೆ' ಎಂಬ ಶೀರ್ಷಿಕೆ ಕೊಡಬಹುದು. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಯಲ್ಲಿ ಇದು ಇರಬೇಕೆಂದು ಸೆಬಿಯ 2015ರ ನಿಯಮಾವಳಿ ಹೇಳುತ್ತದೆ. ಉದ್ಯಮದ ಸ್ಥಿತಿಗತಿ, ಅವಕಾಶ ಮತ್ತು ಆತಂಕ, ವಿಭಾಗವಾರು ಸಾಧನೆ, ಮುನ್ನೋಟ, ಅಪಾಯಗಳು, ಆಂತರಿಕ ನಿಯಂತ್ರಣ, ಇಷ್ಟೂ ಅದರಲ್ಲಿ ಬರಬೇಕು. ಇದು ಲೆಕ್ಕಪತ್ರವಲ್ಲ, ಲೆಕ್ಕಪತ್ರದ ಬಗ್ಗೆ ಕಂಪನಿ ನಡೆಸುವವರು ಷೇರುದಾರರೊಂದಿಗೆ ಆಡುವ ಮಾತು. ಹಾಗಾಗಿ ಅಂಕಿಗಳಷ್ಟೇ ಧ್ವನಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಉದಾಹರಣೆಗೆಂದು ಒಂದು ಪ್ಯಾರಾ ಕಟ್ಟಿಕೊಳ್ಳೋಣ. ಒಂದು ಆಹಾರ ಉತ್ಪನ್ನಗಳ ಕಂಪನಿ. ಇಂಗ್ಲಿಷ್ ಮೂಲದ ಪ್ರಕಾರ ಕಚ್ಚಾ ಸಾಮಗ್ರಿ ದುಬಾರಿಯಾದರೂ ವಹಿವಾಟು ಶೇ 8 ಏರಿ 12.4 ಬಿಲಿಯನ್ ರೂಪಾಯಿ ಆಗಿದೆ. ಆ ದುಬಾರಿಯ ಕಾರಣ ಕಾರ್ಯಾಚರಣೆ ಲಾಭದ ಪ್ರಮಾಣ ಶೇ 14.2ರಿಂದ 160 ಬೇಸಿಸ್ ಪಾಯಿಂಟ್ ಇಳಿದು ಶೇ 12.6ಕ್ಕೆ ಬಂದಿದೆ. ವೆಚ್ಚ ತಗ್ಗಿಸಲು ಕ್ರಮಗಳಾಗಿವೆ. ಮುಂಗಾರು ಸರಿಯಾಗಿ ಆದರೆ ವರ್ಷದ ಎರಡನೇ ಅರ್ಧದಲ್ಲಿ ಸುಧಾರಣೆಯನ್ನು ಕಂಪನಿ ನಿರೀಕ್ಷಿಸುತ್ತದೆ. ಇದರ ಕನ್ನಡ ಆವೃತ್ತಿ ಹೆಚ್ಚಾಗಿ ಹೀಗೆ ಹೊರಬರುತ್ತದೆ:

'ಹೆಚ್ಚಿದ ಕಚ್ಚಾ ಸಾಮಗ್ರಿ ವೆಚ್ಚಗಳ ಹೊರತಾಗಿಯೂ ಕಂಪನಿಯ ಆದಾಯವು ಶೇ 8ರ ಅಮೋಘ ಬೆಳವಣಿಗೆಯನ್ನು ದಾಖಲಿಸಿ 12.4 ಬಿಲಿಯನ್ ರೂಪಾಯಿಗಳನ್ನು ತಲುಪಿರುತ್ತದೆ. ಲಾಭಾಂಶವು ಶೇ 1.6ರಷ್ಟು ಮಿತಗೊಂಡಿರುತ್ತದೆ. ವೆಚ್ಚ ಕಡಿತಕ್ಕಾಗಿ ವಿವಿಧ ಉಪಕ್ರಮಗಳನ್ನು ಕೈಗೊಳ್ಳಲಾಗಿರುತ್ತದೆ. ದ್ವಿತೀಯಾರ್ಧದಲ್ಲಿ ಲಾಭಾಂಶವು ಸುಧಾರಿಸಲಿದೆ.'

ಮೊದಲು ಅಂಕಿಗಳನ್ನೇ ನೋಡಿ, ಏಕೆಂದರೆ ಅಂಕಿ ತಪ್ಪಿದ ಮೇಲೆ ಧ್ವನಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಒಂದು ಬಿಲಿಯನ್ ಎಂದರೆ ನೂರು ಕೋಟಿ. 1,240 ಕೋಟಿ ಎಂದರೆ ಓದುವವರಿಗೆ ತಟ್ಟನೆ ಅಳತೆ ಸಿಗುತ್ತದೆ. ಪ್ರಮಾಣ ಶೇ 14.2ರಿಂದ ಶೇ 12.6ಕ್ಕೆ ಬಂದದ್ದನ್ನು 'ಶೇ 1.6ರಷ್ಟು ಇಳಿಕೆ' ಎನ್ನುವುದು ತಪ್ಪು. ಇಳಿದದ್ದು 1.6 ಶೇಕಡಾ ಅಂಶ. ಶೇಕಡಾವಾರು ಲೆಕ್ಕದಲ್ಲಿ ಅದು ಶೇ 11ಕ್ಕೂ ಹೆಚ್ಚಿನ ಇಳಿಕೆ. ಎರಡೂ ತುದಿಯ ಅಂಕಿಗಳನ್ನು ಕೊಟ್ಟುಬಿಟ್ಟರೆ ಈ ಗೊಂದಲವೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ 'ಲಾಭಾಂಶ'ದಲ್ಲಿದೆ. ಕನ್ನಡ ಪತ್ರಿಕೆ ಓದುವ ಷೇರುದಾರರಿಗೆ ಲಾಭಾಂಶ ಎಂದರೆ ಡಿವಿಡೆಂಡ್, ತಮ್ಮ ಖಾತೆಗೆ ಬರುವ ಹಣ. 'ಲಾಭಾಂಶ ಸುಧಾರಿಸಲಿದೆ' ಎಂಬ ವಾಕ್ಯ ಅವರಿಗೆ ಏನು ಭರವಸೆ ಕೊಡುತ್ತದೆ ಎಂದು ಯೋಚಿಸಿ. ಮಂಡಳಿ ಅಂಥ ಮಾತು ಆಡಿಯೇ ಇಲ್ಲ.

ಇನ್ನು ಧ್ವನಿ. ಕನ್ನಡದಲ್ಲಿ ಆತ್ಮವಿಶ್ವಾಸ ಇರುವುದು ಕ್ರಿಯಾಪದದಲ್ಲಿ, ವಿಶೇಷಣದಲ್ಲಲ್ಲ. ಶೇ 8ರ ಬೆಳವಣಿಗೆಗೆ 'ಅಮೋಘ' ಸೇರಿಸಿದರೆ ಓದುಗರಿಗೆ ಅನುಮಾನ ಹುಟ್ಟುತ್ತದೆ, ಪಕ್ಕದಲ್ಲೇ ಲಾಭ ಇಳಿದಿರುವಾಗ ಇನ್ನೂ ಹೆಚ್ಚು. ಮೂಲದಲ್ಲಿ ಇಲ್ಲದ ಹೊಗಳಿಕೆ ಅನುವಾದದಲ್ಲಿ ಬರಲೇಕೂಡದು. ಮೂಲದಲ್ಲಿ ಇದ್ದರೂ ಹತ್ತು ಸಲ ಬಂದ ಹೊಗಳಿಕೆಯನ್ನು ಎರಡಕ್ಕೆ ಇಳಿಸಲು ಒಪ್ಪಿಗೆ ಕೇಳುವುದು ಒಳ್ಳೆಯದು. 'ಮಿತಗೊಂಡಿರುತ್ತದೆ' ಎಂಬುದು ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು. ಇಳಿದದ್ದನ್ನು ಇಳಿದಿದೆ ಎನ್ನುವ ಧೈರ್ಯ ಇಲ್ಲದ ಕಂಪನಿಯ ಏರಿಕೆಯ ಮಾತನ್ನೂ ಜನ ನಂಬುವುದಿಲ್ಲ.

'ಕೈಗೊಳ್ಳಲಾಗಿರುತ್ತದೆ' ನಮಗೆ ಸರ್ಕಾರಿ ಸುತ್ತೋಲೆಯಿಂದ ಬಂದ ಅಭ್ಯಾಸ. ಯಾರು ಕೈಗೊಂಡರು ಎಂಬುದು ಅದರಲ್ಲಿ ಮಾಯ. ಅಮೆರಿಕದ ಷೇರುಪೇಟೆ ನಿಯಂತ್ರಕರು 1998ರಲ್ಲಿ ಸರಳ ಇಂಗ್ಲಿಷಿನ ಕೈಪಿಡಿ ಹೊರತಂದಾಗ ಕರ್ತರಿ ಪ್ರಯೋಗದಲ್ಲಿ ಬರೆಯಿರಿ ಎಂಬುದನ್ನು ಮುಖ್ಯ ಸಲಹೆಗಳಲ್ಲಿ ಒಂದಾಗಿ ಇಟ್ಟಿದ್ದರು. ಕನ್ನಡಕ್ಕೆ ಆ ಸಲಹೆ ಇನ್ನೂ ಹೆಚ್ಚು ಒಪ್ಪುತ್ತದೆ. 'ಕಂಪನಿ ಕೈಗೊಂಡಿದೆ' ಎಂದರೆ ಮುಗಿಯಿತು. ಅಧ್ಯಕ್ಷರ ಪತ್ರದಲ್ಲಿ 'ನಾವು', ವಿಶ್ಲೇಷಣೆಯಲ್ಲಿ 'ಕಂಪನಿ' ಎಂದು ಮೊದಲೇ ತೀರ್ಮಾನಿಸಿಕೊಂಡು ಕೊನೆಯವರೆಗೂ ಅದನ್ನೇ ನಡೆಸಬೇಕು. ಒಂದೇ ಪುಟದಲ್ಲಿ ಕಂಪನಿ, ಸಂಸ್ಥೆ, ನಾವು ಮೂವರೂ ಮಾತಾಡಿದರೆ ಹೊಣೆ ಯಾರದೆಂದು ತಿಳಿಯುವುದಿಲ್ಲ.

ಹೆಚ್ಚು ನಾಜೂಕಿನ ಜಾಗ ಮುನ್ನೋಟ. ಇಲ್ಲಿ ಮೂರು ಮೆಟ್ಟಿಲುಗಳಿವೆ: 'ಸುಧಾರಿಸಲಿದೆ', 'ಸುಧಾರಿಸುವ ನಿರೀಕ್ಷೆಯಿದೆ', 'ಸುಧಾರಿಸಬಹುದು'. ಮೊದಲನೆಯದು ಖಚಿತ ಮಾತು. ಪತ್ರಿಕೆಗಳಲ್ಲಿ 'ಮುಖ್ಯಮಂತ್ರಿ ನಾಳೆ ಉದ್ಘಾಟಿಸಲಿದ್ದಾರೆ' ಎಂದು ಓದಿ ಅಭ್ಯಾಸವಾದವರು ಅದನ್ನು ನಿಗದಿಯಾದ ಸಂಗತಿ ಎಂದೇ ಓದುತ್ತಾರೆ. ಮೂಲದಲ್ಲಿ ನಿರೀಕ್ಷೆ ಮಾತ್ರ ಇದ್ದಾಗ ಗಟ್ಟಿಯಾಗಿ ಕೇಳಿಸಲೆಂದು 'ಲಿದೆ' ಹಾಕಿದರೆ ನಿರೀಕ್ಷೆ ವಾಗ್ದಾನವಾಗುತ್ತದೆ. ಮೇಲಿನ ಅನುವಾದದಲ್ಲಿ ಮುಂಗಾರಿನ ಷರತ್ತೂ ಬಿದ್ದುಹೋಗಿದೆ. ಇನ್ನು ಕೆಲವರು ಅಂಜಿಕೆಯಿಂದ ಎಲ್ಲಕ್ಕೂ 'ಬಹುದು' ಹಾಕುತ್ತಾರೆ. ಮಂಡಳಿ ಒಪ್ಪಿ, ಹಣ ತೆಗೆದಿಟ್ಟು, ಕಾಮಗಾರಿ ಶುರುವಾದ ಘಟಕವೂ ಆಗ 'ಆರಂಭವಾಗಬಹುದು' ಆಗಿಬಿಡುತ್ತದೆ. ಮೂಲದ ಮೆಟ್ಟಿಲು ಯಾವುದೋ ಕನ್ನಡದಲ್ಲೂ ಅದೇ ಮೆಟ್ಟಿಲಲ್ಲಿ ನಿಲ್ಲಬೇಕು. ಇಂಗ್ಲಿಷ್ ಆವೃತ್ತಿಯೇ ಅಧಿಕೃತ ಎಂದು ಕೊನೆಯಲ್ಲಿ ಒಂದು ಸಾಲು ಹಾಕಿದರೆ ಕಾನೂನಿನ ತಕರಾರಿಗೆ ಅದು ನೆರವಾದೀತು, ಕನ್ನಡ ಮಾತ್ರ ಓದಿದವರ ಮನಸ್ಸಿನಲ್ಲಿ ಕೂತ ಭರವಸೆಯನ್ನು ಅದು ಹಿಂತೆಗೆದುಕೊಳ್ಳುವುದಿಲ್ಲ.

ವಾಕ್ಯದ ಕಟ್ಟಿನಲ್ಲಿ ಕನ್ನಡವೇ ನಮಗೆ ಸಹಾಯ ಮಾಡುತ್ತದೆ. ನಮ್ಮಲ್ಲಿ ಅಡ್ಡಿ ಮೊದಲು ಬರುತ್ತದೆ, ಸಾಧನೆ ಕೊನೆಯ ಕ್ರಿಯಾಪದದ ಮೇಲೆ ಬಂದು ಕೂರುತ್ತದೆ. 'ಬೆಲೆ ಏರಿದರೂ ವಹಿವಾಟು ಬೆಳೆದಿದೆ' ಎಂದಾಗ ಕಿವಿಯಲ್ಲಿ ಉಳಿಯುವುದು 'ಬೆಳೆದಿದೆ'. 'ಹೊರತಾಗಿಯೂ' ಎಂಬ ಭಾರ ಬೇಕೇ ಇಲ್ಲ. ಹಾಗೆ ನೋಡಿದರೆ ಆ ಪ್ಯಾರಾ ಇಷ್ಟು ಸಾಕು:

'ಕಚ್ಚಾ ಸಾಮಗ್ರಿ ದುಬಾರಿಯಾದರೂ ಕಂಪನಿಯ ವಹಿವಾಟು ಶೇ 8ರಷ್ಟು ಬೆಳೆದು 1,240 ಕೋಟಿ ರೂಪಾಯಿ ತಲುಪಿದೆ. ಈ ವೆಚ್ಚದಿಂದಾಗಿ ಕಾರ್ಯಾಚರಣೆ ಲಾಭದ ಪ್ರಮಾಣ ಶೇ 14.2ರಿಂದ ಶೇ 12.6ಕ್ಕೆ ಇಳಿದಿದೆ. ವೆಚ್ಚ ತಗ್ಗಿಸಲು ಕಂಪನಿ ಹಲವು ಕ್ರಮಗಳನ್ನು ಕೈಗೊಂಡಿದೆ. ಮುಂಗಾರು ವಾಡಿಕೆಯಂತೆ ಆದರೆ ವರ್ಷದ ಎರಡನೇ ಅರ್ಧದಲ್ಲಿ ಈ ಪ್ರಮಾಣ ಸುಧಾರಿಸುವ ನಿರೀಕ್ಷೆ ಕಂಪನಿಗಿದೆ.'

'ಹಲವು ಕ್ರಮಗಳು' ಇಲ್ಲಿ ಇನ್ನೂ ಸಪ್ಪೆಯಾಗಿದೆ, ನಿಜ. ಯಾವ ಕ್ರಮಗಳೆಂದು ಅನುವಾದಕರು ಊಹಿಸಿ ಬರೆಯುವಂತಿಲ್ಲ. ಹಣಕಾಸು ವಿಭಾಗವನ್ನು ಕೇಳಬೇಕು. ಅವರು ಉತ್ತರ ಕೊಟ್ಟರೆ ಅದು ಇಂಗ್ಲಿಷಿಗೂ ಸೇರಬೇಕು, ಎರಡು ಆವೃತ್ತಿಗಳು ಬೇರೆ ಬೇರೆ ಮಾತು ಆಡಬಾರದು.

ಅನುಪಾತಗಳ ವಿವರಣೆಯಲ್ಲೂ ಇದೇ ನೇರ ಮಾತು ಬೇಕು. ಮುಖ್ಯ ಹಣಕಾಸು ಅನುಪಾತ ಹಿಂದಿನ ವರ್ಷಕ್ಕಿಂತ ಶೇ 25 ಅಥವಾ ಹೆಚ್ಚು ಬದಲಾದರೆ ಕಾರಣ ಕೊಡಬೇಕೆಂಬ ನಿಯಮವಿದೆ. ಸಾಲ ಮತ್ತು ಬಂಡವಾಳದ ಅನುಪಾತ 0.40ರಿಂದ 0.55ಕ್ಕೆ ಹೋದರೆ ಅದು ಶೇ 37.5ರ ಏರಿಕೆ. 'ಹೊಸ ಘಟಕಕ್ಕೆ ಕಂಪನಿ ಸಾಲ ಪಡೆದಿದೆ' ಎಂಬ ಒಂದು ವಾಕ್ಯ ಸಾಕು. ಅನಿವಾರ್ಯ ಕಾರಣಗಳಿಂದ, ವಿಷಾದದಿಂದ ಎಂಬ ಪೀಠಿಕೆ ಬಂದರೆ ಯೋಜನೆ ಹಾಕಿ ಮಾಡಿದ ಸಾಲ ಸಂಕಟದ ಸಾಲದಂತೆ ಕಾಣುತ್ತದೆ.

ಕರಡು ಮುಗಿದ ಮೇಲೆ ಹಣಕಾಸು ವಿಭಾಗದ ಕನ್ನಡ ಬಲ್ಲವರೊಬ್ಬರ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು, ಅವರ ಕೈಯಲ್ಲಿ ಇಂಗ್ಲಿಷ್ ಪ್ರತಿ ಇರಬಾರದು. ಪ್ರತಿ ವಾಕ್ಯದ ನಂತರ ಎರಡು ಪ್ರಶ್ನೆ ಕೇಳಿದರೆ ಸಾಕು: ಇದನ್ನು ಮಾಡಿದವರು ಯಾರು, ಇದು ಎಷ್ಟು ಖಚಿತ? ಅವರ ಉತ್ತರ ಮೂಲದೊಂದಿಗೆ ಹೊಂದದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ, ಕಂಪನಿ ಕಾರ್ಯದರ್ಶಿಯ ಕೈಗೆ ಹೋಗುವ ಮೊದಲು ಆ ಕ್ರಿಯಾಪದಗಳನ್ನು ತಿದ್ದಬೇಕು.